‘ಅಯ್ಯಂಗಾರ್ 1963’ ಅಂತ ಬರೆದು ವಾಪಸ್ ಬಂದ ನನ್ನ ಮೊದಲ ಡ್ರಾಫ್ಟ್

ನಾನು ಇತಿಹಾಸದಲ್ಲಿ ಎಂ.ಎ. ಮಾಡಿ, ಆಮೇಲೆ ಕಾನೂನು ಓದಿದವಳು. ಸೀನಿಯರ್ ವಕೀಲರೊಬ್ಬರ ಬಳಿ ಜೂನಿಯರ್ ಆಗಿ ಸೇರಿದ ಮೊದಲ ತಿಂಗಳಲ್ಲೇ ಅವರು ಒಂದು ಟಿಪ್ಪಣಿ ಬರೆಯಲು ಹೇಳಿದರು. ರೌಡಿಪಟ್ಟಿಯಲ್ಲಿದ್ದ ಒಬ್ಬನ ಮನೆ ಬಾಗಿಲನ್ನು ಪೊಲೀಸರು ರಾತ್ರಿ ಹೊತ್ತು ಬಂದು ತಟ್ಟುತ್ತಿದ್ದರು. ಹೀಗೆ ಮಾಡಬಹುದಾ, ಸುಪ್ರೀಂ ಕೋರ್ಟ್ ಏನು ಹೇಳಿದೆ ಅನ್ನುವುದು ಪ್ರಶ್ನೆ.

ಹುಡುಕಿದಾಗ ಖರಕ್ ಸಿಂಗ್ ತೀರ್ಪು ಸಿಕ್ಕಿತು. ನಮ್ಮ ಕೇಸಿಗೆ ಅಳತೆ ತೆಗೆದು ಹೊಲಿದ ಹಾಗಿತ್ತು. 1941ರಲ್ಲಿ ಆತನನ್ನು ಡಕಾಯಿತಿ ಕೇಸಿನಲ್ಲಿ ಹಿಡಿದು, ಸಾಕ್ಷಿ ಇಲ್ಲ ಅಂತ ಬಿಟ್ಟಿದ್ದರು. ಆದರೂ ಉತ್ತರ ಪ್ರದೇಶ ಪೊಲೀಸರು ಅವನ ಹೆಸರಲ್ಲಿ ಹಿಸ್ಟರಿ ಶೀಟ್ ತೆರೆದು, ರಾತ್ರಿ ಬಂದು ಬಾಗಿಲು ಬಡಿಯುತ್ತಿದ್ದರು. ನಾನು ಖುಷಿಯಿಂದ ಬರೆದೆ. ಎಂ.ಎ.ಯಲ್ಲಿ ಕಲಿತ ಅಭ್ಯಾಸದಂತೆ, ತೀರ್ಪು ಬರೆದ ನ್ಯಾಯಮೂರ್ತಿಯ ಹೆಸರು ಹಿಡಿದು ಆವರಣದಲ್ಲಿ ‘ಅಯ್ಯಂಗಾರ್ 1963’ ಅಂತ ಹಾಕಿ, ಕೊನೆಯಲ್ಲಿ ಅಕಾರಾದಿಯಾಗಿ ಗ್ರಂಥಋಣವನ್ನೂ ಜೋಡಿಸಿದೆ.

ಸೀನಿಯರ್ ಮೊದಲ ಪುಟದಲ್ಲೇ ನಿಂತರು. “ಏನಮ್ಮಾ ಇದು? ಅಯ್ಯಂಗಾರ್ ಅವರು ಪುಸ್ತಕ ಬರೆದಿದ್ದಾರಾ?”

ಇತಿಹಾಸದಲ್ಲಿ ಒಂದು ಮಾತಿಗೆ ತೂಕ ಬರುವುದು ಅದನ್ನು ಬರೆದವರಿಂದ. ಹಾಗಾಗಿ ಲೇಖಕರ ಹೆಸರು ಮುಂದೆ. ತೀರ್ಪಿನಲ್ಲಿ ಮಾತಾಡುವುದು ನ್ಯಾಯಾಲಯ. ಅಯ್ಯಂಗಾರ್ ಬರೆದದ್ದು ನಿಜ, ಆದರೆ ಅವರು ಬರೆದದ್ದು ತಮ್ಮ ಜೊತೆಗೆ ಒಪ್ಪಿದ ನ್ಯಾಯಮೂರ್ತಿಗಳ ಪರವಾಗಿಯೂ ಹೌದು. ಅದಕ್ಕೇ ತೀರ್ಪಿಗೆ ಹೆಸರು ಕಕ್ಷಿದಾರರದ್ದು: ಖರಕ್ ಸಿಂಗ್ ವಿರುದ್ಧ ಉತ್ತರ ಪ್ರದೇಶ ರಾಜ್ಯ. ಹೆಸರಾದ ಮೇಲೆ ಅದು ಯಾವ ವರದಿ ಸಂಪುಟದಲ್ಲಿ, ಯಾವ ಪುಟದಲ್ಲಿ ಶುರುವಾಗುತ್ತದೆ ಅನ್ನುವುದು. ಹೀಗೆ:

```
Kharak Singh v. State of U.P., AIR 1963 SC 1295
Kharak Singh v. State of U.P., [1964] 1 SCR 332
```

ಎರಡೂ ಒಂದೇ ತೀರ್ಪು. ಮೊದಲನೆಯದು ಆಲ್ ಇಂಡಿಯಾ ರಿಪೋರ್ಟರ್‌ನ 1963ರ ಸಂಪುಟ, ಸುಪ್ರೀಂ ಕೋರ್ಟ್ ಭಾಗ, 1295ನೇ ಪುಟ. ಎರಡನೆಯದು ಸುಪ್ರೀಂ ಕೋರ್ಟ್‌ನ ಅಧಿಕೃತ ವರದಿಗಳ 1964ರ ಮೊದಲ ಸಂಪುಟ, 332ನೇ ಪುಟ. ಪ್ರಕಾಶಕರ ಹೆಸರಿಲ್ಲ, ಊರಿಲ್ಲ, ಸಂಪಾದಕರಿಲ್ಲ. ನನಗೆ ಮೊದಲು ಇದು ಬೋಳುಬೋಳಾಗಿ ಕಾಣಿಸಿತು. ಆದರೆ ಕಪಾಟಿನ ಮುಂದೆ ನಿಂತವನಿಗೆ ಬೇಕಾದದ್ದೆಲ್ಲ ಈ ಒಂದು ಸಾಲಿನಲ್ಲೇ ಇದೆ.

ಇಲ್ಲಿ ಇನ್ನೊಂದು ಗುಂಡಿಗೂ ಬಿದ್ದಿದ್ದೆ. ಟಿಪ್ಪಣಿಯಲ್ಲಿ ‘1963ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು’ ಅಂತ ಬರೆದಿದ್ದೆ. ತೀರ್ಪು ಬಂದದ್ದು 1962ರ ಡಿಸೆಂಬರ್ 18ಕ್ಕೆ. ಒಂದು ವರದಿಯಲ್ಲಿ ಅಚ್ಚಾದದ್ದು 1963ರ ಸಂಪುಟದಲ್ಲಿ, ಇನ್ನೊಂದರಲ್ಲಿ 1964ರ ಸಂಪುಟದಲ್ಲಿ. ಒಂದೇ ತೀರ್ಪಿಗೆ ಮೂರು ವರ್ಷ! ಸೈಟೇಶನ್‌ನಲ್ಲಿ ಕಾಣುವ ವರ್ಷ ಸಂಪುಟದ ವಿಳಾಸ, ತೀರ್ಪಿನ ಹುಟ್ಟುದಿನ ಅಲ್ಲ. ಸುಮ್ನೆ ಓದಿಕೊಂಡು ಹೋಗುವಾಗ ಇದು ಗೊತ್ತೇ ಆಗುವುದಿಲ್ಲ. ಎರಡು ತೀರ್ಪುಗಳಲ್ಲಿ ಯಾವುದು ಮೊದಲು ಬಂತು ಅನ್ನುವ ವಾದ ಎದ್ದಾಗ ಕಾಲು ಜಾರುತ್ತದೆ. 2023ರಿಂದ ಸುಪ್ರೀಂ ಕೋರ್ಟ್ ತಾನೇ ಪ್ರತಿ ತೀರ್ಪಿಗೂ ಒಂದು ಸಂಖ್ಯೆ ಕೊಡುತ್ತಿದೆ. ಅದರಲ್ಲಿ ಮೊದಲು ವರ್ಷ, ಆಮೇಲೆ INSC, ಆಮೇಲೆ ಕ್ರಮಸಂಖ್ಯೆ. ಅಲ್ಲಿ ವರ್ಷ ಅಂದರೆ ತೀರ್ಪು ಬಂದ ವರ್ಷವೇ. ಖಾಸಗಿ ವರದಿಗಳ ಸಂಪುಟದ ಲೆಕ್ಕಕ್ಕೂ ಅದಕ್ಕೂ ಸಂಬಂಧ ಇಲ್ಲ.

ಇವೆಲ್ಲ ರೂಪದ ತಪ್ಪು, ಅರ್ಧ ಗಂಟೆಯಲ್ಲಿ ತಿದ್ದಿದೆ. ನಿಜವಾದ ಪೆಟ್ಟು ಬಿದ್ದದ್ದು ಎರಡನೇ ಪುಟದಲ್ಲಿ. ಅಲ್ಲಿ ನಾನು ನ್ಯಾಯಮೂರ್ತಿ ಸುಬ್ಬರಾವ್ ಅವರ ಮಾತನ್ನು ಎತ್ತಿಕೊಂಡಿದ್ದೆ. ಖಾಸಗಿತನ ವ್ಯಕ್ತಿ ಸ್ವಾತಂತ್ರ್ಯದ ಒಂದು ಭಾಗವೇ ಅನ್ನುವ ಅವರ ವಿಚಾರ ನಮ್ಮ ಕಕ್ಷಿದಾರನಿಗೆ ತುಂಬ ಅನುಕೂಲ. ಕೆಳಗೆ ಅದೇ ಎಐಆರ್ ಸೈಟೇಶನ್. ಸೀನಿಯರ್ ಪೆನ್ಸಿಲಿನಲ್ಲಿ ಅದರ ಸುತ್ತ ಗುಂಡು ಸುತ್ತಿದರು. “ಇದು ಕೋರ್ಟ್ ಹೇಳಿದ್ದಾ?”

ಆ ಪೀಠದಲ್ಲಿ ಆರು ನ್ಯಾಯಮೂರ್ತಿಗಳು. ಅಯ್ಯಂಗಾರ್ ಬರೆದದ್ದು ಬಹುಮತದ ತೀರ್ಪು. ರಾತ್ರಿ ಮನೆಗೆ ನುಗ್ಗುವುದಕ್ಕೆ ಅವಕಾಶ ಕೊಡುತ್ತಿದ್ದ, ಉತ್ತರ ಪ್ರದೇಶ ಪೊಲೀಸ್ ನಿಯಮಾವಳಿಯ 236(ಬಿ) ನಿಯಮವನ್ನು ಅದು ರದ್ದು ಮಾಡಿತು. ಉಳಿದ ಕಣ್ಗಾವಲಿಗೆ ಅಡ್ಡಿ ಮಾಡಲಿಲ್ಲ. ಖಾಸಗಿತನ ನಮ್ಮ ಸಂವಿಧಾನ ಕೊಟ್ಟ ಹಕ್ಕಲ್ಲ ಅಂತಲೂ ಹೇಳಿತು. ಸುಬ್ಬರಾವ್ ಅವರು ತಮ್ಮ ಮತ್ತು ನ್ಯಾಯಮೂರ್ತಿ ಷಾ ಅವರ ಪರವಾಗಿ ಬರೆದದ್ದು ಅಲ್ಪಮತ. ಅವರ ಪ್ರಕಾರ 236ನೇ ನಿಯಮ ಇಡಿಯಾಗಿ ಹೋಗಬೇಕಿತ್ತು.

ಇತಿಹಾಸದ ಪ್ರಬಂಧದಲ್ಲಿ ನಾನು ಇಬ್ಬರನ್ನೂ ಪಕ್ಕಪಕ್ಕ ಕೂರಿಸಿ, ಯಾರ ವಾದ ಗಟ್ಟಿ ಅಂತ ತೂಗುತ್ತಿದ್ದೆ. ಅಲ್ಲಿ ಅದು ಸರಿ. ಕೋರ್ಟಿನಲ್ಲಿ ಬಹುಮತ ಕಟ್ಟಿಹಾಕುತ್ತದೆ, ಅಲ್ಪಮತ ಕಟ್ಟಿಹಾಕುವುದಿಲ್ಲ. ಹೊರಗಿನ ಸೈಟೇಶನ್ ಮಾತ್ರ ಎರಡಕ್ಕೂ ಒಂದೇ. ಹಾಗಾಗಿ ಅಲ್ಪಮತದಿಂದ ಎತ್ತಿಕೊಂಡರೆ ಸಾಲಿನ ಕೊನೆಗೆ ‘ನ್ಯಾ. ಸುಬ್ಬರಾವ್, ಅಲ್ಪಮತ’ ಅಂತ ಬರೆಯಲೇಬೇಕು. ಬರೆಯದೆ ಬಿಟ್ಟರೆ ಅದು ಮರೆವು ಅನ್ನಿಸಿಕೊಳ್ಳುವುದಿಲ್ಲ, ನ್ಯಾಯಾಲಯದ ದಾರಿ ತಪ್ಪಿಸಿದ ಹಾಗಾಗುತ್ತದೆ. ಎದುರು ವಕೀಲರು ಎದ್ದು ‘ಸ್ವಾಮಿ, ಅದು ಅಲ್ಪಮತ’ ಅಂದುಬಿಟ್ಟರೆ ಟಿಪ್ಪಣಿಯ ಮಿಕ್ಕ ಪುಟಗಳನ್ನೂ ಯಾರೂ ನಂಬುವುದಿಲ್ಲ.

“ಸರಿ ಸರ್, ಬಹುಮತದ್ದನ್ನೇ ಹಾಕ್ತೀನಿ” ಅಂದೆ. “ಹಾಕು. ಆದರೆ ಅದು ಬದುಕಿದೆಯಾ ಅಂತ ನೋಡಿದ್ದೀಯಾ?” ಅಂದರು.

ಈ ಪ್ರಶ್ನೆ ನನ್ನ ಹಳೆಯ ಓದಿನಲ್ಲಿ ಎಲ್ಲೂ ಇರಲಿಲ್ಲ. ಒಂದು ಪುಸ್ತಕದ ವಾದವನ್ನು ಇನ್ನೊಂದು ಪುಸ್ತಕ ಎಷ್ಟು ಟೀಕಿಸಿದರೂ ಮೊದಲ ಪುಸ್ತಕ ರದ್ದಾಗುವುದಿಲ್ಲ. ತೀರ್ಪು ರದ್ದಾಗುತ್ತದೆ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಪುಟ್ಟಸ್ವಾಮಿ ಪ್ರಕರಣದಲ್ಲಿ ಖಾಸಗಿತನ ಮೂಲಭೂತ ಹಕ್ಕು ಅಂತ ಹೇಳಿತು. ಒಂಬತ್ತೇ ಯಾಕೆ? 1954ರಲ್ಲಿ ಎಂ.ಪಿ. ಶರ್ಮಾ ಪ್ರಕರಣದಲ್ಲಿ ಎಂಟು ನ್ಯಾಯಮೂರ್ತಿಗಳು ಖಾಸಗಿತನದ ವಿರುದ್ಧ ಮಾತಾಡಿದ್ದರು. ಎಂಟರ ಪೀಠದ ಮಾತನ್ನು ತೆಗೆದುಹಾಕಲು ಅದಕ್ಕಿಂತ ದೊಡ್ಡ ಪೀಠ ಬೇಕು. ಆದ್ದರಿಂದ ಪೀಠದಲ್ಲಿ ಎಷ್ಟು ಜನ ಇದ್ದರು ಅನ್ನುವುದನ್ನೂ ನಾವು ಟಿಪ್ಪಣಿಯಲ್ಲಿ ಬರೆಯುತ್ತೇವೆ. ಮಾನವಿಕ ವಿಷಯಗಳ ಬರವಣಿಗೆಯಲ್ಲಿ ಇದಕ್ಕೆ ಸಮನಾದದ್ದು ನನಗಂತೂ ಹೊಳೆಯುತ್ತಿಲ್ಲ. ಒಂಬತ್ತು ಜನ ಸೇರಿ ಬರೆದ ಪುಸ್ತಕ ಎಂಟು ಜನ ಬರೆದದ್ದಕ್ಕಿಂತ ಮೇಲು ಅಂತ ಯಾರೂ ಹೇಳಲ್ಲ, ಅಲ್ವಾ?

ಪುಟ್ಟಸ್ವಾಮಿ ತೀರ್ಪು ಖರಕ್ ಸಿಂಗ್ ಅನ್ನು ಪೂರ್ತಿ ಕೊಂದಿಲ್ಲ ಅನ್ನುವುದು ಇಲ್ಲಿನ ಸೂಕ್ಷ್ಮ. ಖಾಸಗಿತನ ಸಂವಿಧಾನದಲ್ಲಿ ಇಲ್ಲ ಅಂದ ಮಟ್ಟಿಗೆ ಮಾತ್ರ ಅದನ್ನು ತಳ್ಳಿಹಾಕಿದೆ. ರಾತ್ರಿ ಭೇಟಿಯ ನಿಯಮವನ್ನು ರದ್ದು ಮಾಡಿದ ಭಾಗ ಹಾಗೇ ಉಳಿದಿದೆ, ನಮ್ಮ ಕೇಸಿಗೆ ಬೇಕಾಗಿದ್ದೂ ಅದೇ. ಕೊನೆಗೆ ಟಿಪ್ಪಣಿಯಲ್ಲಿ ಹೋದ ಸಾಲು ಹೀಗಿತ್ತು: ಮೊದಲು ಖರಕ್ ಸಿಂಗ್ ಸೈಟೇಶನ್, ಪಕ್ಕದಲ್ಲಿ ‘ಆರು ನ್ಯಾಯಮೂರ್ತಿಗಳ ಪೀಠ, ಬಹುಮತ, 236(ಬಿ) ರದ್ದಾದ ಬಗ್ಗೆ’. ಅದರ ಹಿಂದೆಯೇ ‘ಖಾಸಗಿತನ ಹಕ್ಕಲ್ಲ ಎಂದ ಮಟ್ಟಿಗೆ ತಳ್ಳಿಹಾಕಲಾಗಿದೆ’, ಆಮೇಲೆ:

```
K.S. Puttaswamy v. Union of India, (2017) 10 SCC 1
```

ಇಷ್ಟಾದ ಮೇಲೂ ಪುಟ್ಟಸ್ವಾಮಿಯಲ್ಲಿ ಪ್ಯಾರಾ ಸಂಖ್ಯೆ ತಪ್ಪಿದೆ! ತೀರ್ಪು ನೂರಾರು ಪುಟ ಇರುವುದರಿಂದ ಮೊದಲ ಪುಟದ ಸಂಖ್ಯೆ ಕೊಟ್ಟರೆ ಸಾಲದು, ಪ್ಯಾರಾ ತೋರಿಸಬೇಕು. ನಾನು ಕೋರ್ಟಿನ ವೆಬ್‌ಸೈಟಿನಿಂದ ಇಳಿಸಿಕೊಂಡ ಪಿಡಿಎಫ್ ನೋಡಿ ಸಂಖ್ಯೆ ಹಾಕಿ, ಸೈಟೇಶನ್ ಮಾತ್ರ ಎಸ್‌ಸಿಸಿಯದ್ದು, ಅಂದರೆ ಸುಪ್ರೀಂ ಕೋರ್ಟ್ ಕೇಸಸ್ ಅನ್ನುವ ಖಾಸಗಿ ವರದಿಯದ್ದು ಕೊಟ್ಟಿದ್ದೆ. ಆ ಪಿಡಿಎಫ್‌ನಲ್ಲಿ ಆರು ಪ್ರತ್ಯೇಕ ಅಭಿಪ್ರಾಯಗಳಿವೆ, ಪ್ರತಿಯೊಂದೂ ಮತ್ತೆ ಒಂದರಿಂದ ಶುರು. ಮೂರನೇ ಪ್ಯಾರಾ ಅಂದರೆ ಆರು ಮೂರನೇ ಪ್ಯಾರಾಗಳು. ಎಸ್‌ಸಿಸಿಯಲ್ಲಿ ಸಂಪಾದಕರು ಎಲ್ಲಕ್ಕೂ ಸೇರಿಸಿ ಪ್ಯಾರಾಗಳಿಗೆ ಒಂದೇ ಸರಣಿಯಲ್ಲಿ ಸಂಖ್ಯೆ ಹಾಕಿದ್ದಾರೆ. ಸೀನಿಯರ್ ಸಂಪುಟ ತೆರೆದು ನಾನು ಹೇಳಿದ ಪ್ಯಾರಾ ನೋಡಿದರೆ ಅಲ್ಲಿ ಬೇರೇನೋ ಇತ್ತು. ಇದಕ್ಕೆ ಉಪಾಯ ಸರಳ: ಯಾವ ವರದಿಯ ಸೈಟೇಶನ್ ಕೊಡುತ್ತೀರೋ ಅದೇ ವರದಿಯ ಪ್ಯಾರಾ ಸಂಖ್ಯೆ ಕೊಡಿ. ಪಿಡಿಎಫ್‌ನಿಂದಲೇ ತೋರಿಸಬೇಕಾದರೆ ನ್ಯಾಯಮೂರ್ತಿಯ ಹೆಸರನ್ನೂ ಸೇರಿಸಿ. ಹೆಡ್‌ನೋಟ್‌ನಿಂದ ಮಾತ್ರ ಒಂದು ಪದವನ್ನೂ ತೀರ್ಪಿನ ಮಾತು ಅಂತ ಎತ್ತಬೇಡಿ. ಅದು ಸಂಪಾದಕರ ಸಾರಾಂಶ.

ಕಾಯ್ದೆಯ ಉಲ್ಲೇಖ ಇದಕ್ಕಿಂತ ಸುಲಭ ಅಂದುಕೊಂಡಿದ್ದೆ. ರೂಪ ಸುಲಭವೇ. ಪುಟ ಸಂಖ್ಯೆಯೇ ಬೇಡ, ಕಾಯ್ದೆಯ ಪಠ್ಯವಷ್ಟೇ ಇರುವ ಬೇರ್ ಆಕ್ಟ್ ಪುಸ್ತಕ ಯಾರು ಅಚ್ಚು ಹಾಕಿದ್ದಾದರೂ ಒಂದೇ. ಕಾಯ್ದೆಯ ಹೆಸರು, ವರ್ಷ, ಕಲಂ, ಉಪ ಕಲಂ. ಕಲಮಿಗೆ ಷರತ್ತಾಗಿ ಬರುವ ಪರಂತುಕದಿಂದ ಎತ್ತಿದ್ದರೆ ಪರಂತುಕ ಅಂತ ಹೇಳಬೇಕು ಅಷ್ಟೆ. ತೊಡಕು ಇರುವುದು ದಿನಾಂಕದಲ್ಲಿ. ಭಾರತೀಯ ನ್ಯಾಯ ಸಂಹಿತೆ 2024ರ ಜುಲೈ 1ಕ್ಕೆ ಜಾರಿಗೆ ಬಂದ ಮೇಲೆ, ಒಂದು ವಂಚನೆ ಕೇಸಿನ ಅರ್ಜಿಯಲ್ಲಿ ನಾನು ಹಳೆಯ ದಂಡ ಸಂಹಿತೆಯ ಕಲಂ 420 ಇದ್ದಲ್ಲೆಲ್ಲ ನ್ಯಾಯ ಸಂಹಿತೆಯ 318(4) ಅಂತ ಒಂದೇ ಏಟಿಗೆ ಬದಲಿಸಿದೆ. ಹೊಸ ಆವೃತ್ತಿ ಬಂದಾಗ ಹಳೆಯ ಆವೃತ್ತಿಯನ್ನು ಕೈಬಿಡುವುದು ನನ್ನ ಹಳೆಯ ಅಭ್ಯಾಸ. ಆದರೆ ಆ ವಂಚನೆ ನಡೆದದ್ದು 2022ರಲ್ಲಿ. ಅಪರಾಧ ನಡೆದ ದಿನ ಯಾವ ಕಾಯ್ದೆ ಇತ್ತೋ ಅದೇ ಅನ್ವಯ. ಅಂದರೆ ಅಲ್ಲಿ 420 ಸರಿಯಾಗೇ ಇತ್ತು, ಕೆಡಿಸಿದ್ದು ನಾನು.

ಅದರಲ್ಲೊಂದು ತಮಾಷೆಯೂ ಇದೆ. 1860ರ ದಂಡ ಸಂಹಿತೆ ಆ ವರ್ಷದ 45ನೇ ಕಾಯ್ದೆ. ನ್ಯಾಯ ಸಂಹಿತೆ 2023ರ 45ನೇ ಕಾಯ್ದೆ. ವರ್ಷ ಬಿಟ್ಟು ‘45ನೇ ಕಾಯ್ದೆ’ ಅಂತಷ್ಟೇ ಬರೆದರೆ ಯಾವುದೆಂದು ಯಾರಿಗೂ ಗೊತ್ತಾಗುವುದಿಲ್ಲ. ಈಗ ನಾನು ಕಲಂ ಬರೆಯುವ ಮೊದಲು ಎಫ್‌ಐಆರ್ ತೆರೆದು, ಘಟನೆ ನಡೆದ ದಿನಾಂಕದ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದುಕೊಳ್ಳುತ್ತೇನೆ.