ಫೋಟೊದಲ್ಲಿ ಬರೀ ‘ಖುಲಾಸೆ’ ಅಂತಿದ್ದರೆ ಏನು ಕೇಳಬೇಕು?

ಕೋರ್ಟು ಮತ್ತು ಉಪನೋಂದಣಿ ಕಚೇರಿಗಳ ಆಸುಪಾಸಿನಲ್ಲಿ ಟೈಪಿಂಗ್, ಅನುವಾದದ ಕೆಲಸ ಮಾಡುವವರಿಗೆ ದಾವಣಗೆರೆಯಲ್ಲಾಗಲಿ ಚಿತ್ರದುರ್ಗದಲ್ಲಾಗಲಿ ದಿನವೂ ಬರುವ ವಾಟ್ಸಾಪ್ ಇದು: ಪತ್ರದ ಒಂದು ಚೂರು, ಅದರಲ್ಲಿ ಒಂದೇ ಪದ, ಕೆಳಗೆ ‘ಸರ್, ಇದಕ್ಕೆ ಇಂಗ್ಲಿಷಲ್ಲಿ ಏನು?’ ಕಳಿಸಿದವರು ಸಹಾಯ ಆಗಲಿ ಅಂತಲೇ ಉಳಿದದ್ದನ್ನೆಲ್ಲ ಕತ್ತರಿಸಿರುತ್ತಾರೆ. ಆದರೆ ಅರ್ಥ ಇರುವುದು ಅವರು ಕತ್ತರಿಸಿ ಹಾಕಿದ ಭಾಗದಲ್ಲೇ.

ಕಂದಾಯದ ಕಾಗದಗಳಲ್ಲಿ ಈ ತೊಡಕು ಜಾಸ್ತಿ. ಯಾಕೆಂದರೆ ಅಲ್ಲಿನ ಎಷ್ಟೋ ಪದಗಳಿಗೆ ಮನೆಮಾತಿನಲ್ಲಿ ಬೇರೆಯೇ ಅರ್ಥ ಇದೆ. ಪಹಣಿಯ ‘ಖರಾಬು’ ಕೆಟ್ಟುಹೋದದ್ದಲ್ಲ, ಸಾಗುವಳಿಗೆ ಲೆಕ್ಕ ಹಿಡಿಯದ ಜಾಗ. ‘ತರಿ’ ಅಂದರೆ ಭದ್ರಾ ನಾಲೆಯ ಕೆಳಗಿನ ಭತ್ತದ ಗದ್ದೆಯಂಥ ನೀರಾವರಿ ಜಮೀನು. ಅಡುಗೆಮನೆಯ ಅಕ್ಕಿ ತರಿಗೂ ಅದಕ್ಕೂ ಸಂಬಂಧವಿಲ್ಲ. ‘ಆಕಾರ’ ಅಂದರೆ ಜಮೀನಿಗೆ ಕಟ್ಟಿದ ಕಂದಾಯ, ರೂಪವಲ್ಲ. ಪಕ್ಕದಲ್ಲಿ 2.10 ಅಂತ ಇದ್ದು ಮೇಲಿನ ತಲೆಬರಹ ಕತ್ತರಿಸಿಹೋಗಿದ್ದರೆ ಅಂಕಿಯೂ ಕೈಕೊಡುತ್ತದೆ. ಆಕಾರದ ಕೆಳಗಾದರೆ ಅದು ಎರಡು ರೂಪಾಯಿ ಹತ್ತು ಪೈಸೆ. ವಿಸ್ತೀರ್ಣದ ಕೆಳಗಾದರೆ ಎರಡು ಎಕರೆ ಹತ್ತು ಗುಂಟೆ, ದಶಮಾಂಶದಲ್ಲಿ 2.25 ಎಕರೆ. ಚುಕ್ಕೆಯ ಮುಂದೆ 40 ಅಥವಾ ಅದಕ್ಕಿಂತ ದೊಡ್ಡ ಅಂಕಿ ಕಂಡರೆ ಅದು ಎಕರೆ-ಗುಂಟೆ ಆಗಿರಲಾರದು, 40 ಗುಂಟೆಗೆ ಎಕರೆಯೇ ತುಂಬುತ್ತದಲ್ಲ. ಚಿಕ್ಕ ಅಂಕಿಯಾದರೆ ತಲೆಬರಹ ತರಿಸಿ ನೋಡದೆ ಬೇರೆ ದಾರಿಯಿಲ್ಲ.

ಇವೆಲ್ಲ ತಲೆಬರಹ ಸಿಕ್ಕರೆ ಬಗೆಹರಿಯುವ ಪದಗಳು. ತಲೆಬರಹ ಕಂಡ ಮೇಲೂ ಕಾಡುವುದು ‘ಖುಲಾಸೆ’.

ಕೋರ್ಟಿನ ತೀರ್ಪಿನಲ್ಲಿ ಖುಲಾಸೆ ಅಂದರೆ ಆರೋಪಿ ನಿರ್ದೋಷಿ ಎಂದು ಬಿಡುಗಡೆಯಾದ ಅಂತ. ಆಸ್ತಿಯ ಕಾಗದಗಳಲ್ಲಿ ಅದಕ್ಕೆ ಎರಡು ಅರ್ಥ. ಒಂದು ಹಕ್ಕು ಖುಲಾಸೆ: ಪಾಲುದಾರರೊಬ್ಬರು ತಮ್ಮ ಪಾಲಿನ ಹಕ್ಕನ್ನು ಉಳಿದವರಿಗೆ ಬಿಟ್ಟುಕೊಡುವುದು, ರಿಲೀಸ್ ಡೀಡ್. ಇನ್ನೊಂದು ಆಧಾರ ಖುಲಾಸೆ: ಜಮೀನಿನ ಮೇಲೆ ಕೊಟ್ಟ ಸಾಲ ತೀರಿತು, ಆಧಾರ ಬಿಟ್ಟಿದ್ದೇನೆ ಅಂತ ಸಾಲ ಕೊಟ್ಟವರು ಬರೆದುಕೊಡುವುದು. ಮೊದಲನೆಯದರಲ್ಲಿ ಒಬ್ಬರ ಹಕ್ಕೇ ಹೋಗುತ್ತದೆ. ಎರಡನೆಯದರಲ್ಲಿ ಮಾಲೀಕತ್ವ ಕದಲುವುದಿಲ್ಲ, ಋಣವಷ್ಟೇ ಇಳಿಯುತ್ತದೆ. ಇದನ್ನು ಅದಲುಬದಲು ಬರೆದರೆ ಇಂಗ್ಲಿಷ್ ಪ್ರತಿ ಓದುವ ಬ್ಯಾಂಕಿನ ವಕೀಲರಿಗೆ ಮಾಲೀಕರ ಸರಣಿಯೇ ತಪ್ಪಾಗಿ ಕಾಣುತ್ತದೆ. ಸಾಲ ಕೊಟ್ಟವನು ಒಂದು ಕಾಲಕ್ಕೆ ಪಾಲುದಾರನಾಗಿದ್ದ ಹಾಗೆ ಆಗಿಬಿಡುತ್ತದೆ.

‘ಆಧಾರ’ ಪದಕ್ಕೂ ಇದೇ ಗತಿ. ಈಗಿನ ಕಣ್ಣಿಗೆ ಅದು ಕಾರ್ಡು, ಹಳೇ ಪತ್ರದಲ್ಲಿ ಅಡಮಾನ.

ಈಗ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಕೈಬರಹದ ಹಳೇ ಛಾಪಾ ಕಾಗದದ ಚೂರು, ‘ಖುಲಾಸೆ’ ಒಂದೇ ಕಾಣುತ್ತಿದೆ. ‘ಯಾವ ಅರ್ಥದಲ್ಲಿ ಇದೆ?’ ಅಂತ ಕೇಳಿದರೆ ಅದೇ ಫೋಟೊ ಇನ್ನಷ್ಟು ದೊಡ್ಡದಾಗಿ ಬರುತ್ತದೆ. ಅರ್ಥ ಗೊತ್ತಿಲ್ಲದ್ದಕ್ಕೇ ಅವರು ನಮ್ಮನ್ನು ಕೇಳಿದ್ದು. ‘ಇದು ರಿಲೀಸ್ ಡೀಡ್ ಅಲ್ವಾ?’ ಅಂತ ಕೇಳುವುದು ಇನ್ನೂ ಅಪಾಯ. ‘ಹೌದು ಸರ್’ ಅಂತಲೇ ಉತ್ತರ ಬರುತ್ತದೆ, ಆ ಹೌದಿಗೆ ಬೆಲೆಯಿಲ್ಲ. ಕೇಳಬೇಕಾದದ್ದು ಪದದ ಬಗ್ಗೆ ಅಲ್ಲ, ಅವರ ಕಣ್ಣಿಗೆ ನೇರ ಕಾಣುವ ಸಂಗತಿಯ ಬಗ್ಗೆ:

‘ಅಣ್ಣಾ, ಪತ್ರದ ಮೊದಲ ಪುಟ ಪೂರ್ತಿ ಬರುವ ಹಾಗೆ ಒಂದು ಫೋಟೊ ಕಳಿಸ್ರಿ. ಬರೆದುಕೊಟ್ಟವರು ಯಾರು, ಬರೆಸಿಕೊಂಡವರು ಯಾರು, ಇಬ್ಬರಿಗೂ ಏನು ಸಂಬಂಧ ತಿಳಿಸ್ರಿ. ಒಳಗೆ ಹಿಂದಿನ ಯಾವುದಾದರೂ ಪತ್ರದ ತಾರೀಖು, ನಂಬರು ಬರೆದಿದ್ದರೆ ಆ ಸಾಲೂ ಬೇಕು.’

ಬರೆದುಕೊಟ್ಟದ್ದು ಬ್ಯಾಂಕೋ ಸಹಕಾರ ಸಂಘವೋ ಆಗಿದ್ದರೆ ಬಹುಮಟ್ಟಿಗೆ ಅದು ಆಧಾರ ಖುಲಾಸೆ. ಅಣ್ಣ ತಮ್ಮನಿಗೆ ಬರೆದುಕೊಟ್ಟಿದ್ದರೆ ಹಕ್ಕು ಖುಲಾಸೆ ಅಂತ ಕೈ ತಾನಾಗಿ ಟೈಪ್ ಮಾಡಲು ಹೋಗುತ್ತದೆ. ಅಲ್ಲೇ ತಡೆಯಬೇಕು. ಅಣ್ಣನೇ ತಮ್ಮನಿಗೆ ಜಮೀನಿನ ಮೇಲೆ ಸಾಲ ಕೊಟ್ಟಿರುವುದು ನಮ್ಮ ಹಳ್ಳಿಗಳಲ್ಲಿ ಅಪರೂಪವಲ್ಲ. ಆದ್ದರಿಂದ ಹಿಂದಿನ ಪತ್ರದ ಸಾಲು ಮುಖ್ಯ. ಆಧಾರ ಖುಲಾಸೆಯ ಒಳಗೆ ಹಿಂದೆ ಆದ ಆಧಾರ ಪತ್ರದ ಪ್ರಸ್ತಾಪ, ಅಸಲು ಮತ್ತು ಬಡ್ಡಿ ಸಂದಾಯವಾದ ಮಾತು ಇರುತ್ತದೆ. ಹಕ್ಕು ಖುಲಾಸೆಯಲ್ಲಿ ಪಿತ್ರಾರ್ಜಿತ, ಒಟ್ಟು ಕುಟುಂಬ, ‘ನನ್ನ ಪಾಲಿಗೆ ಬರತಕ್ಕ’ ಇಂಥ ಮಾತುಗಳು. ಹಣ ಪಡೆದ ಉಲ್ಲೇಖ ಒಂದನ್ನೇ ನೆಚ್ಚಬಾರದು, ಹಕ್ಕು ಬಿಡುವವರೂ ಹಣ ಪಡೆದು ಬಿಡುವುದುಂಟು.

ಇಷ್ಟಾದ ಮೇಲೆ ಅರ್ಥವನ್ನು ಖಚಿತ ಮಾಡಿಕೊಳ್ಳಲು ಒಂದೇ ಪ್ರಶ್ನೆ, ಎರಡೂ ಆಯ್ಕೆ ಅವರ ಮಾತಿನಲ್ಲೇ: ‘ಈ ಪತ್ರದಿಂದ ಅಣ್ಣನ ಪಾಲು ಹೋಯ್ತಾ, ಇಲ್ಲಾ ತಮ್ಮನ ಸಾಲ ತೀರಿತಾ?’ ಇದಕ್ಕೆ ಬರೀ ಹೌದು ಅನ್ನಲು ಬರುವುದಿಲ್ಲ. ಉತ್ತರ ಪತ್ರದ ಒಳಗಿನ ಮಾತಿಗೆ ಹೊಂದದಿದ್ದರೆ ಪತ್ರವನ್ನೇ ನಂಬಬೇಕು, ಮತ್ತು ಅನುವಾದ ಮುಗಿಸುವ ಮೊದಲು ಆ ವ್ಯತ್ಯಾಸವನ್ನು ಅವರ ವಕೀಲರಿಗೆ ತಿಳಿಸಬೇಕು.

ಫೋಟೊ ಹೇಗಿರಬೇಕು ಅನ್ನುವುದನ್ನೂ ಅದೇ ಮೆಸೇಜಿನಲ್ಲಿ ಹೇಳಿಬಿಡಿ. ಪುಟದ ನಾಲ್ಕೂ ಮೂಲೆ ಕಾಣಬೇಕು, ಆಮೇಲೆ ಬೇಕಾದ ಸಾಲಿನ ಹತ್ತಿರದ ಫೋಟೊ, ಅದರಲ್ಲೂ ಮೇಲೆ ಕೆಳಗೆ ಎರಡೆರಡು ಸಾಲು ಉಳಿದಿರಬೇಕು. ವಾಟ್ಸಾಪಿನಲ್ಲಿ ಚಿತ್ರವಾಗಿ ಕಳಿಸಿದರೆ ಅದು ಕುಗ್ಗಿ ಕೈಬರಹ ಮಸುಕಾಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಮೂಲ ಹಾಗೇ ಬರುತ್ತದೆ. ಕೆಳಗಿನ ಸಾಲು ಬೇಕೇ ಬೇಕು ಅನ್ನುವುದಕ್ಕೆ ನಮ್ಮ ಲಿಪಿಯದೇ ಕಾರಣವಿದೆ: ಕನ್ನಡದಲ್ಲಿ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ. ಕ್ರಾಪ್ ಅಲ್ಪ ಮೇಲೆ ಸರಿದರೆ ಒತ್ತು ಹಾರಿಹೋಗುತ್ತದೆ. ಮೊಳಕಾಲ್ಮುರು ಕಡೆಯ ನೇಕಾರರ ಸಾಲದ ಕಾಗದದಲ್ಲಿನ ‘ಮಗ್ಗ’ ಆಗ ‘ಮಗ’ ಆಗುತ್ತದೆ, ಹಳ್ಳಿ ಹಳಿಯಾಗುತ್ತದೆ. ಎರಡೂ ನಿಜವಾದ ಪದಗಳೇ ಆದ್ದರಿಂದ ಅನುಮಾನವೂ ಬರುವುದಿಲ್ಲ. ಚಿತ್ರದ ಕೆಳಅಂಚು ಅಕ್ಷರಕ್ಕೆ ತಾಗಿಕೊಂಡಿದ್ದರೆ ಅರ್ಥ ಹುಡುಕುವ ಮೊದಲು ಪದ ಪೂರ್ತಿ ಇದೆಯೇ ಅಂತ ಕೇಳಿ.

ಉತ್ತರ ಬರುವುದು ತಡವಾಗಿ, ಕೆಲಸ ಅವಸರದ್ದಾದರೆ ಕರಡಿನಲ್ಲಿ ಪದವನ್ನು ‘ಖುಲಾಸೆ’ ಅಂತಲೇ ಬಿಟ್ಟು ಹಳದಿ ಬಣ್ಣ ಹಚ್ಚಿ. ಎರಡೂ ಅರ್ಥವನ್ನು ಓರೆಗೆರೆ ಹಾಕಿ ಬರೆಯುವ ಅಭ್ಯಾಸ ಕೆಲವರಿಗಿದೆ. ಅದು ಹಾಗೇ ಅಂತಿಮ ಪ್ರತಿಗೆ ಹೋದರೆ ಓದುವವರು ತಮಗೆ ಅನುಕೂಲವಾದ ಅರ್ಥ ಹಿಡಿಯುತ್ತಾರೆ. ಸಹಿ ಮಾಡಿ ಕೊಡಬೇಕಾದ ಅನುವಾದವಾದರೆ ಪೂರ್ತಿ ಪುಟ ನೋಡದೆ ಸಹಿ ಹಾಕಬೇಡಿ. ಫೋನಿನಲ್ಲಿ ಉತ್ತರ ಹೇಳಿದರೆ ‘ನೀವು ಹೇಳಿದ ಪ್ರಕಾರ ಇದು ಸಾಲ ತೀರಿದ ಖುಲಾಸೆ, ಹಾಗೇ ಟೈಪ್ ಮಾಡುತ್ತಿದ್ದೇನೆ’ ಅಂತ ಒಂದು ಸಾಲು ಬರೆದು ಕಳಿಸಿ, ಅವರ ಒಪ್ಪಿಗೆ ಬಂದ ಮೇಲೆ ಹಳದಿ ತೆಗೆಯಿರಿ.