ಎಂಬತ್ತೆಂಟನೆಯ ಪುಟ

ಮಂಡ್ಯದ ಒಂದು ಇಂಜಿನಿಯರಿಂಗ್ ಕಚೇರಿಯಲ್ಲಿ ನಾನು ಹೊರಗುತ್ತಿಗೆಯ ಮೇಲೆ ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ನಾಲೆಯ ದುರಸ್ತಿ ಕಾಮಗಾರಿಯೊಂದರ ಅಂದಾಜು ಪಟ್ಟಿಯ ಕಡತ ಲೆಕ್ಕಪರಿಶೋಧನೆಗೆ ಹೋಗಬೇಕಾಗಿತ್ತು. ಅದನ್ನು ಆಗಲೇ ಸ್ಕ್ಯಾನ್ ಮಾಡಿ 212 ಪುಟಗಳ ಪಿಡಿಎಫ್ ಆಗಿ ಇಟ್ಟಿದ್ದರು. ಅಧೀಕ್ಷಕರಾದ ಮೇಡಂ ನನ್ನನ್ನು ಕರೆದು, ಸಹಿ, ಮೊಹರು ಮತ್ತು ಕಿರುಸಹಿ ಇಲ್ಲದ ಪುಟಗಳನ್ನು ಪಟ್ಟಿ ಮಾಡಿ ಸಂಜೆಯೊಳಗೆ ಕೊಡಿ ಎಂದರು.

ನಾನು ಮೊದಲ ಪುಟದಿಂದ ಕೊನೆಯವರೆಗೆ ಒಂದೊಂದಾಗಿ ನೋಡುತ್ತಾ ಹೋಗಿ, ಖಾಲಿ ಕಂಡ ಪುಟದ ಸಂಖ್ಯೆಯನ್ನು ಬರೆದುಕೊಂಡೆ. ಮಧ್ಯಾಹ್ನ ಊಟದ ಹೊತ್ತಿಗೆ 19 ಪುಟಗಳ ಪಟ್ಟಿ ಸಿದ್ಧವಾಯಿತು. ಮೂಲ ಕಾಗದದೊಂದಿಗೆ ತಾಳೆ ನೋಡಲು ಆ ಪಟ್ಟಿಯನ್ನು ದಾಖಲೆ ಕೊಠಡಿಗೆ ಕಳುಹಿಸಿದೆ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಅಲ್ಲಿನ ಅಣ್ಣ ಕಡತವನ್ನೇ ಎತ್ತಿಕೊಂಡು ನನ್ನ ಮೇಜಿಗೆ ಬಂದರು. "ಮೇಡಂ, ನೀವು 118 ಅಂತ ಬರ್ದಿದೀರಿ, ಇಲ್ ನೋಡಿ, ಸೈನೂ ಐತೆ, ಸೀಲೂ ಐತೆ" ಎಂದು ಪುಟ ತೆರೆದು ತೋರಿಸಿದರು. ಅವರು ಹೇಳಿದ್ದು ನಿಜವಾಗಿತ್ತು.

ನಾನು ಬರೆದದ್ದು ಪರದೆಯ ಮೇಲೆ ಕಾಣುವ ಪುಟ ಸಂಖ್ಯೆ, ಅವರು ತೆರೆದದ್ದು ಕಾಗದದ ಬಲ ಮೂಲೆಯಲ್ಲಿ ಕೈಯಿಂದ ಹಾಕಿದ ಸಂಖ್ಯೆ. ಮೇಲು ಹೊದಿಕೆಗೂ ಪರಿವಿಡಿಗೂ ಕೈಬರಹದ ಸಂಖ್ಯೆ ಇರಲಿಲ್ಲವಾದ್ದರಿಂದ ಪಿಡಿಎಫ್‌ನ ಸಂಖ್ಯೆ ಎರಡು ಮುಂದಿರಬೇಕಿತ್ತು. ಹಾಗಾದರೆ ನನ್ನ 118 ಕಾಗದದ 116 ಆಗಬೇಕಲ್ಲವೇ ಎಂದು ಪರದೆಯಲ್ಲಿ ದೊಡ್ಡದು ಮಾಡಿ ನೋಡಿದರೆ ಮೂಲೆಯಲ್ಲಿ 117 ಎಂದಿತ್ತು. ಎರಡರ ಅಂತರ ಒಂದಕ್ಕೆ ಇಳಿದದ್ದು ಎಲ್ಲಿ ಎಂದು ಹಿಂದಕ್ಕೆ ಹುಡುಕುತ್ತಾ ಹೋದಾಗ ಪಿಡಿಎಫ್‌ನ 89ನೆಯ ಪುಟದಲ್ಲಿ 87 ಎಂದೂ ಮರುಪುಟದಲ್ಲಿ ನೇರವಾಗಿ 89 ಎಂದೂ ಕಂಡಿತು. ಸ್ಕ್ಯಾನರ್ ಎರಡು ಹಾಳೆಗಳನ್ನು ಒಟ್ಟಿಗೆ ಎಳೆದುಕೊಂಡಿತ್ತು. 88ನೆಯ ಪುಟ ಸ್ಕ್ಯಾನ್ ಆಗಿಯೇ ಇರಲಿಲ್ಲ. ಕೈಬರಹದ ಕೊನೆಯ ಸಂಖ್ಯೆ 211. ಅದಕ್ಕೆ ಹೊದಿಕೆ ಮತ್ತು ಪರಿವಿಡಿ ಸೇರಿಸಿದರೆ 213 ಆಗಬೇಕು, ಇದ್ದದ್ದು 212. ಬೆಳಿಗ್ಗೆ ಈ ಒಂದು ಕೂಡುವ ಲೆಕ್ಕ ಮಾಡಿದ್ದರೆ ಎರಡು ನಿಮಿಷದಲ್ಲಿ ತಿಳಿಯುತ್ತಿತ್ತು. ಇರುವ ಪುಟಗಳಲ್ಲಿ ಸಹಿ ಹುಡುಕುವವರಿಗೆ ಇಲ್ಲದ ಪುಟ ಎಂದಿಗೂ ಕಾಣುವುದಿಲ್ಲ. ಆ 88ನೆಯ ಪುಟವಾದರೋ ತಾಂತ್ರಿಕ ಮಂಜೂರಾತಿಯ ಪತ್ರವಾಗಿತ್ತು.

ಮೇಡಂ ನನ್ನ ಪಟ್ಟಿಯನ್ನು ಪಕ್ಕಕ್ಕಿಟ್ಟು, "ಯಾವ ಪುಟದಲ್ಲಿ ಯಾರ ಸಹಿ ಇರಬೇಕು ಎಂಬುದನ್ನು ಮೊದಲು ಬರೆದುಕೊಳ್ಳಿ, ಆಮೇಲೆ ಇದೆಯೋ ಇಲ್ಲವೋ ನೋಡೋಣ" ಎಂದರು. ಈ ಕಡತದಲ್ಲಿ ಅಂದಾಜು ಪಟ್ಟಿಯ ಪ್ರತಿ ಪುಟದ ಅಡಿಯಲ್ಲಿ ಸಹಾಯಕ ಇಂಜಿನಿಯರರ ಕಿರುಸಹಿ, ಪ್ರತಿ ಭಾಗದ ಕೊನೆಯ ಪುಟದಲ್ಲಿ ತಯಾರಿಸಿದವರ ಮತ್ತು ಪರಿಶೀಲಿಸಿದವರ ಪೂರ್ಣ ಸಹಿ, ಪದನಾಮದ ಮೊಹರು, ಮಂಜೂರಾತಿ ಪುಟಗಳಲ್ಲಿ ಇವುಗಳ ಜೊತೆಗೆ ಕಚೇರಿಯ ದುಂಡು ಮೊಹರು ಇರಬೇಕಿತ್ತು. ಹೀಗೆ ಬರೆದುಕೊಂಡ ಮೇಲೆ ಒಂದು ಪುಟಕ್ಕೆ ಒಂದೇ ಉತ್ತರ ಸಾಲದು ಎಂಬುದು ತಿಳಿಯಿತು. ಸಹಿ ಇದ್ದು ಮೊಹರು ಇಲ್ಲದ ಪುಟವನ್ನು ನಾನು ಬೆಳಿಗ್ಗೆ ಸರಿಯಿದೆ ಎಂದೇ ದಾಟಿಸಿಬಿಟ್ಟಿರುವ ಸಾಧ್ಯತೆಯಿತ್ತು. ಆದ್ದರಿಂದ ಸಹಿ, ಮೊಹರು, ಕಿರುಸಹಿ ಮೂರಕ್ಕೂ ಬೇರೆ ಬೇರೆ ಅಂಕಣ ಮಾಡಿ, ಕಾಗದದ ಸಂಖ್ಯೆ ಮತ್ತು ಪಿಡಿಎಫ್ ಸಂಖ್ಯೆ ಎರಡನ್ನೂ ಅಕ್ಕಪಕ್ಕ ಬರೆದು, ಇಡೀ ಕಡತವನ್ನು ಎರಡನೆಯ ಸಲ ನೋಡಲು ಕುಳಿತೆ. ಅಂದು ಸಂಜೆಗೆ ಮುಗಿಯಲಿಲ್ಲ.

ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು ಮೊಹರು. ಮೊದಲ ಪಟ್ಟಿಯ 19 ಪುಟಗಳಲ್ಲಿ ಒಂಬತ್ತರಲ್ಲಿ ದುಂಡು ಮೊಹರು ಇಲ್ಲ ಎಂದು ಬರೆದಿದ್ದೆ. ಅವುಗಳಲ್ಲಿ ಒಂದನ್ನು ನಾಲ್ಕು ಪಟ್ಟು ಹಿಗ್ಗಿಸಿದಾಗ, ಸಹಿಯ ಎಡಕ್ಕೆ ಪುಡಿ ಚೆಲ್ಲಿದಂತೆ ಕೆಲವು ಕಪ್ಪು ಚುಕ್ಕಿಗಳು ಕಂಡವು. ಕೊಳೆಯಾದರೆ ಎಲ್ಲೆಂದರಲ್ಲಿ ಹರಡಿರುತ್ತದೆ. ಇವು ಬಾಗಿದ ಗೆರೆಯ ಮೇಲೆ ಸಾಲಾಗಿ ನಿಂತಿದ್ದವು, ಮತ್ತು ಎದುರು ಬದಿಯಲ್ಲಿ ಅದೇ ಅಳತೆಯ ಇನ್ನೊಂದು ಬಾಗು ಇತ್ತು. ಕಡತವನ್ನು ಬರಿಯ ಕಪ್ಪು ಬಿಳುಪಿನಲ್ಲಿ ಸ್ಕ್ಯಾನ್ ಮಾಡಿದ್ದರು. ಆ ವಿಧಾನದಲ್ಲಿ ಯಂತ್ರ ಪ್ರತಿ ಚುಕ್ಕಿಯನ್ನೂ ಕಪ್ಪು ಇಲ್ಲವೇ ಬಿಳಿ ಎಂದು ತೀರ್ಮಾನಿಸುತ್ತದೆ, ನಡುವಿನ ಬೂದು ಬಣ್ಣಕ್ಕೆ ಎಡೆಯಿಲ್ಲ. ಸಹಿಯ ಗಾಢ ನೀಲಿ ಕಪ್ಪಾಗಿ ಉಳಿಯಿತು. ಒಣಗಿದ ಪ್ಯಾಡಿನಿಂದ ಒತ್ತಿದ ನೇರಳೆ ಮೊಹರು ತೆಳುವಾದ್ದರಿಂದ ಬಿಳಿಯ ಪಾಲಾಯಿತು. ಇಂಥ ಪುಟಕ್ಕೆ "ಇಲ್ಲ" ಎಂದು ಬರೆಯುವುದು ತಪ್ಪು, "ಇದೆ" ಎಂದು ಬರೆಯಲೂ ಆಧಾರ ಸಾಲದು. ನಾನು "ಸ್ಪಷ್ಟವಿಲ್ಲ, ಮೂಲ ನೋಡಬೇಕು" ಎಂಬ ಮೂರನೆಯ ಉತ್ತರವನ್ನು ಸೇರಿಸಿಕೊಂಡೆ. ಮರುದಿನ ಮೂಲ ಕಾಗದದಲ್ಲಿ ಒಂಬತ್ತೂ ಮೊಹರುಗಳು ಸಿಕ್ಕವು. ಆ ಪುಟಗಳನ್ನು ಬಣ್ಣದಲ್ಲಿ, 300 ಡಿಪಿಐಯಲ್ಲಿ ಮತ್ತೆ ಸ್ಕ್ಯಾನ್ ಮಾಡಿದಾಗ ಮಸುಕಾಗಿದ್ದರೂ ಓದಲು ಬಂದವು.

ಮೂರು ಪುಟಗಳ ಸಹಿ ಹಾಳೆಯ ಹಿಂಬದಿಯಲ್ಲಿತ್ತು. ದರಗಳ ಕೋಷ್ಟಕ ಅಡಿಯವರೆಗೂ ತುಂಬಿ ಜಾಗವಿಲ್ಲದ್ದರಿಂದ ಅಧಿಕಾರಿಗಳು ಹಾಳೆ ಮಗುಚಿ ಸಹಿ ಮಾಡಿದ್ದರು, ಸ್ಕ್ಯಾನ್ ಮಾಡಿದವರು ಒಂದೇ ಬದಿ ತೆಗೆದಿದ್ದರು. ಕಾಗದದ 58ನೆಯ ಪುಟದ ತುದಿಯಲ್ಲಿ ಪೆನ್ಸಿಲಿನಲ್ಲಿ ಸಣ್ಣದಾಗಿ "ಪುಟ ತಿರುಗಿಸಿ" ಎಂದು ಬರೆದಿತ್ತು. ಪೆನ್ಸಿಲ್ ಗೆರೆಯೂ ಸ್ಕ್ಯಾನಿನಲ್ಲಿ ಉಳಿದಿರಲಿಲ್ಲ.

ಹೀಗೆ ಹನ್ನೆರಡು ಕಳೆದು, ನಿಜವಾಗಿಯೂ ಖಾಲಿಯಾಗಿದ್ದವು ಏಳು ಪುಟಗಳು. ಎರಡನೆಯ ಓದಿನಲ್ಲಿ ಎಂಟನೆಯದು ಸಿಕ್ಕಿತು. 41ನೆಯ ಪುಟದ ಅಡಿಯಲ್ಲಿ ಕಿರುಸಹಿ ಸರಿಯಾಗಿಯೇ ಇತ್ತು, ಆದರೆ ನಡುವಿನ ಒಂದು ಸಾಲಿನಲ್ಲಿ 36.50 ಎಂಬ ಉದ್ದವನ್ನು ಹೊಡೆದುಹಾಕಿ ಮೇಲೆ 38.50 ಎಂದು ಬರೆದಿದ್ದರು, ಪಕ್ಕದಲ್ಲಿ ಯಾರ ಕಿರುಸಹಿಯೂ ಇರಲಿಲ್ಲ. ತಿದ್ದಿದ ಅಂಕಿಯ ಪಕ್ಕದಲ್ಲೇ ತಿದ್ದಿದವರ ಕಿರುಸಹಿ ಬೇಕು. ಪುಟದ ಅಡಿಯಲ್ಲಿರುವುದು ಅದಕ್ಕೆ ಸಲ್ಲುವುದಿಲ್ಲ, ಏಕೆಂದರೆ ತಿದ್ದುಪಡಿ ಅದಕ್ಕಿಂತ ಮೊದಲು ಆದದ್ದೋ ನಂತರ ಆದದ್ದೋ ಹೇಳಲು ಬರುವುದಿಲ್ಲ. ಸಹಿಯ ಜಾಗವನ್ನಷ್ಟೇ ನೋಡುತ್ತಾ ಹೋದರೆ ಇಂಥದ್ದು ಸಿಗುವುದಿಲ್ಲ. ಆಮೇಲೆ ನಾನು ಹೊಡೆದುಹಾಕಿದ ಗೆರೆಗಳನ್ನು ಹುಡುಕುವುದಕ್ಕೆಂದೇ ಕಡತವನ್ನು ಮೂರನೆಯ ಸಲ ತಿರುವಿದೆ. ಬೇರೆ ಯಾವುದೂ ಸಿಗಲಿಲ್ಲ.

ಒಬ್ಬರು ಈ ಎಂಟು ಪುಟಗಳಿಗೂ ಈಗಲೇ ಸಹಿ ಹಾಕಿಸಿ ಹಳೆಯ ದಿನಾಂಕ ಬರೆಸಿಬಿಡಿ, ಯಾರಿಗೂ ತಿಳಿಯುವುದಿಲ್ಲ ಎಂದರು. ಮೇಡಂ ಒಪ್ಪಲಿಲ್ಲ. "ಸಹಿ ಮಾಡಿದ ದಿನವೇ ದಿನಾಂಕ. ಅವರು ಇಂದು ಸಹಿ ಮಾಡಿದರೆ ಇಂದಿನದ್ದೇ ಬರೆಯಲಿ, ಆಗದಿದ್ದರೆ ಖಾಲಿ ಇದೆ ಎಂದೇ ಹೋಗಲಿ" ಎಂದರು. ಅವರ ಮಾತು ನನಗೆ ಸಮಾಧಾನ ತಂದಿತು, ಏಕೆಂದರೆ ಎರಡು ದಿನ ಕುಳಿತು ಮಾಡಿದ ಪಟ್ಟಿ ಕೊರತೆಯನ್ನು ಮುಚ್ಚುವುದಕ್ಕೆ ಬಳಕೆಯಾಗುವುದು ನನಗೆ ಬೇಕಿರಲಿಲ್ಲ. ಎಂಟರಲ್ಲಿ ಐದಕ್ಕೆ ಸಂಬಂಧಪಟ್ಟವರು ಬಂದು ಅಂದಿನ ದಿನಾಂಕದೊಂದಿಗೆ ಸಹಿ ಮಾಡಿದರು. ಉಳಿದ ಮೂರಕ್ಕೆ ಸಹಿ ಮಾಡಬೇಕಾದವರು ನಿವೃತ್ತರಾಗಿದ್ದರು; ಅವು ಪಟ್ಟಿಯಲ್ಲಿ "ಇಲ್ಲ" ಎಂದೇ ಉಳಿದವು.

88ನೆಯ ಪುಟವನ್ನು ಅದರ ಜಾಗಕ್ಕೆ ಸೇರಿಸಿದಾಗ ಪಿಡಿಎಫ್ 213 ಪುಟಗಳಾಯಿತು. ಮೂರು ಹಿಂಬದಿಗಳನ್ನೂ ಸೇರಿಸಿದ ಮೇಲೆ 216 ಆಯಿತು. ಪಿಡಿಎಫ್ ಸಂಖ್ಯೆಗಳೆಲ್ಲ ಮತ್ತೆ ಜರುಗಿದ್ದರಿಂದ ಆ ಅಂಕಣವನ್ನು ಹೊಸದಾಗಿ ಬರೆದೆ. ಕಾಗದದ ಸಂಖ್ಯೆಯ ಅಂಕಣದಲ್ಲಿ 58ರ ಕೆಳಗೆ "58, ಹಿಂಬದಿ" ಎಂದು ಸೇರಿಸಿ, ಪಟ್ಟಿಯ ಅಡಿಯಲ್ಲಿ ನನ್ನ ಸಹಿ ಮತ್ತು ಆ ದಿನದ ದಿನಾಂಕ ಹಾಕಿ ಮೇಡಂ ಮೇಜಿನ ಮೇಲಿಟ್ಟೆ.