ಇಲಿಗೆ ಇಳಿದ ಸಕ್ಕರೆ ನಮಗೂ ಇಳಿಯುತ್ತದಾ?

"ಇನ್ಸುಲಿನ್ ಗಿಡದ ಎಲೆ ಕೊಟ್ಟರೆ ಇಲಿಗಳಿಗೆ ಶುಗರ್ ಇಳಿದಿದೆಯಂತೆ, ಪೇಪರಿನಲ್ಲೇ ಬಂದಿದೆ. ಹಂಗಾದ್ರೆ ನಾವೂ ದಿನಾ ತಿನ್ನಬಹುದಲ್ವಾ ಸಾರ್?"

ಬರೀ ಇಲಿಯ ಪ್ರಯೋಗವನ್ನು ನಂಬಿ ಮಾತ್ರೆ ಬಿಟ್ಟು ಎಲೆ ಹಿಡಿಯಬೇಡಿ. ಹಾಗಂತ ಆ ಪ್ರಯೋಗ ಸುಳ್ಳು ಎಂದೂ ಅಲ್ಲ. ಅದು ಎಷ್ಟು ದೂರ ನಮಗೆ ಅನ್ವಯಿಸುತ್ತದೆ ಎಂಬುದು ಸುದ್ದಿಯ ತಲೆಬರಹದಲ್ಲಿ ಇರುವುದಿಲ್ಲ. ಮೂಲ ಪ್ರಬಂಧದ 'ವಿಧಾನ' ಎಂಬ ಭಾಗದಲ್ಲಿ ಇರುತ್ತದೆ. ಮೈಸೂರು, ಮಂಡ್ಯದ ಹಿತ್ತಲುಗಳಲ್ಲಿ ಈ ಗಿಡ ಈಗ ತುಳಸಿಯಷ್ಟೇ ಸಾಮಾನ್ಯವಾಗಿರುವುದರಿಂದ ಇದನ್ನೇ ಇಟ್ಟುಕೊಂಡು ನೋಡೋಣ. ಕೆಳಗಿನ ಅಂಕಿಗಳು ಯಾವುದೋ ಒಂದು ಪ್ರಬಂಧದವಲ್ಲ. ಈ ಬಗೆಯ ಪ್ರಯೋಗಗಳನ್ನು ಹೇಗೆ ಓದಬೇಕೆಂದು ತೋರಿಸಲು ಹಾಕಿಕೊಂಡ ಲೆಕ್ಕ.

ಮೊದಲು ಇಲಿಗೆ ಸಕ್ಕರೆ ಕಾಯಿಲೆ ಬಂದದ್ದು ಹೇಗೆ ಎಂದು ಹುಡುಕಿ. ಹೆಚ್ಚಿನ ಕಡೆ ಸ್ಟ್ರೆಪ್ಟೊಜೋಟೋಸಿನ್ ಎಂಬ ರಾಸಾಯನಿಕವನ್ನು ತಣ್ಣನೆಯ ಸಿಟ್ರೇಟ್ ದ್ರಾವಣದಲ್ಲಿ ಕರಗಿಸಿ, ಒಂದು ಕೆಜಿ ತೂಕಕ್ಕೆ ಸುಮಾರು 40ರಿಂದ 65 ಮಿಲಿಗ್ರಾಂನಂತೆ ಚುಚ್ಚುತ್ತಾರೆ. ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳು ಇದನ್ನು ಒಳಗೆ ಎಳೆದುಕೊಂಡು ಸಾಯುತ್ತವೆ. ಮೂರು ದಿನ ಬಿಟ್ಟು ರಕ್ತ ನೋಡಿ, ಸಕ್ಕರೆ 250 ದಾಟಿದ ಇಲಿಗಳನ್ನು ಪ್ರಯೋಗಕ್ಕೆ ಆರಿಸುವುದು ರೂಢಿ. ಅಂದರೆ ಎಳೆಯ, ಆರೋಗ್ಯವಂತ ಇಲಿಯಲ್ಲಿ ಒಂದೇ ಏಟಿಗೆ ಇನ್ಸುಲಿನ್ ಕೊರತೆ ಉಂಟುಮಾಡಲಾಗಿದೆ. ನಮ್ಮಲ್ಲಿ ಹೆಚ್ಚಿನವರಿಗೆ ಇರುವುದು ಟೈಪ್ 2. ಅದು ವರ್ಷಗಟ್ಟಲೆ ನಿಧಾನವಾಗಿ ಬರುತ್ತದೆ. ಮೊದಮೊದಲು ಇನ್ಸುಲಿನ್ ಸಾಕಷ್ಟು ಇದ್ದರೂ ದೇಹ ಅದಕ್ಕೆ ಸರಿಯಾಗಿ ಸ್ಪಂದಿಸುವುದಿಲ್ಲ. ಇಲಿಗೆ ಕೆಲವು ವಾರ ಕೊಬ್ಬಿನ ಆಹಾರ ತಿನ್ನಿಸಿ, ಆಮೇಲೆ ಸಣ್ಣ ಪ್ರಮಾಣದ ಸ್ಟ್ರೆಪ್ಟೊಜೋಟೋಸಿನ್ ಕೊಟ್ಟಿದ್ದರೆ ನಮ್ಮ ಕಾಯಿಲೆಗೆ ಇನ್ನೊಂದಿಷ್ಟು ಹತ್ತಿರ ಎನ್ನಬಹುದು.

ಎಲೆಯ ಸಾರವನ್ನು ಯಾವಾಗ ಶುರು ಮಾಡಿದರು ಎಂಬುದೂ ಅಷ್ಟೇ ಮುಖ್ಯ. ಚುಚ್ಚುವ ಮೊದಲೇ ಕೊಟ್ಟಿದ್ದರೆ ಅದು ಚಿಕಿತ್ಸೆಯ ಪರೀಕ್ಷೆಯೇ ಅಲ್ಲ. ಸೊಪ್ಪಿನಲ್ಲಿರುವ ಯಾವುದೋ ವಸ್ತು ಆ ವಿಷದ ಏಟನ್ನು ತಡೆದಿರಬಹುದು. ನಮಗೆ ಯಾರೂ ಆ ವಿಷ ಚುಚ್ಚಿಲ್ಲವಾದ್ದರಿಂದ ಆ ರಕ್ಷಣೆಯಿಂದ ನಮಗೆ ಲಾಭವಿಲ್ಲ.

ಇನ್ನು ಹೋಲಿಕೆಯ ಗುಂಪುಗಳು, ಅಂದರೆ ಕಂಟ್ರೋಲ್. ನಾನು ಹೆಚ್ಚು ಹೊತ್ತು ಕೂರುವುದು ಇಲ್ಲೇ. ಸಕ್ಕರೆ ಕಾಯಿಲೆ ಬಂದು, ಸಾರ ಸಿಗದ ಇಲಿಗಳ ಗುಂಪು ಇರಲೇಬೇಕು. ಆ ಇಲಿಗಳಿಗೂ ದಿನಾ ಬಾಯಿಗೆ ನಳಿಕೆ ಇಳಿಸಿ, ಸಾರವನ್ನು ಕಲಸಿದ ಅದೇ ದ್ರವವನ್ನು ಅಷ್ಟೇ ಪ್ರಮಾಣದಲ್ಲಿ ಕೊಟ್ಟಿರಬೇಕು. ಏಕೆಂದರೆ ಹಿಡಿದು ನಳಿಕೆ ಹಾಕುವ ಒತ್ತಡಕ್ಕೇ ರಕ್ತದ ಸಕ್ಕರೆ ಏರುಪೇರಾಗುತ್ತದೆ.

ಈಗ ಲೆಕ್ಕ. ಸಾರ ಕುಡಿದ ಗುಂಪಿನಲ್ಲಿ 28 ದಿನಕ್ಕೆ ಸರಾಸರಿ 320ರಿಂದ 210ಕ್ಕೆ ಇಳಿಯಿತು ಎನ್ನೋಣ. 110 ಇಳಿಕೆ, ತಲೆಬರಹಕ್ಕೆ ಬರುವುದು ಇದೇ. ಸಾರ ಸಿಗದ ಗುಂಪು 315ರಿಂದ 240ಕ್ಕೆ ಬಂದಿದ್ದರೆ? ಏನೂ ಕೊಡದೆಯೇ 75 ಇಳಿದಂತಾಯಿತು. ಎಲೆಯ ಲೆಕ್ಕಕ್ಕೆ ಉಳಿಯುವುದು ಬರೀ 35. ಔಷಧಿಯಿಲ್ಲದೆ ಇಳಿಯುವುದು ಹೇಗೆ ಎಂದರೆ, ರಾಸಾಯನಿಕದ ಪ್ರಮಾಣ ಕಡಿಮೆಯಿದ್ದಾಗ ಇಲಿಯ ಬೀಟಾ ಕೋಶಗಳು ಭಾಗಶಃ ಚೇತರಿಸಿಕೊಳ್ಳುತ್ತವೆ. ಜೊತೆಗೆ, ಒಂದೇ ಸಲ ಅಳೆದು ಹೆಚ್ಚು ಬಂದವನ್ನೇ ಆರಿಸಿಕೊಂಡರೆ ಮುಂದಿನ ಅಳತೆಯಲ್ಲಿ ಕೆಲವು ತಾವಾಗಿಯೇ ಕೆಳಗೆ ಬರುತ್ತವೆ. ಹಾಗಾಗಿ 'ಮೊದಲು–ಆಮೇಲೆ' ಎಂಬ ಹೋಲಿಕೆ ಸಾಲದು. ಎರಡು ಗುಂಪುಗಳ ಇಳಿಕೆಯನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಗುಂಪಿಗೆ ಆರೇ ಇಲಿಗಳಿದ್ದರೆ, ಆ 35 ಒಂದೆರಡು ಇಲಿಗಳಿಂದಲೇ ಬಂದಿರಲೂಬಹುದು. ಯಾವ ಇಲಿ ಯಾವ ಗುಂಪಿಗೆ ಎಂದು ಚೀಟಿ ಎತ್ತಿದ ಹಾಗೆ ಹಂಚಿದರೇ, ಸಕ್ಕರೆ ಅಳೆದವರಿಗೆ ಗುಂಪು ಗೊತ್ತಿತ್ತೇ ಎಂಬುದನ್ನು ಬರೆದಿಲ್ಲದಿದ್ದರೆ ನನ್ನ ನಂಬಿಕೆ ಅರ್ಧ ಕಡಿಮೆಯಾಗುತ್ತದೆ.

ತೂಕ ಮತ್ತು ಮೇವಿನ ಪಟ್ಟಿಯನ್ನೂ ಬಿಡಬೇಡಿ. ಸಾರ ಕುಡಿದ ಇಲಿಗಳಿಗೆ ಹೊಟ್ಟೆ ಕೆಟ್ಟು ಮೇವು ಕಡಿಮೆ ತಿಂದಿದ್ದರೆ ಸಕ್ಕರೆ ಅದರಿಂದಲೇ ಇಳಿಯುತ್ತದೆ. ಒಳ್ಳೆಯ ಪ್ರಯೋಗದಲ್ಲಿ ಇನ್ನೊಂದು ಗುಂಪಿಗೆ, ಸಾರದ ಗುಂಪು ಎಷ್ಟು ತಿಂದಿತೋ ಅಷ್ಟೇ ಮೇವು ತೂಗಿ ಹಾಕುತ್ತಾರೆ. ಇಂಥ ಗುಂಪು ಕಾಣಸಿಗುವುದು ಅಪರೂಪ.

"ಗ್ಲಿಬೆನ್‌ಕ್ಲಮೈಡ್ ಮಾತ್ರೆಯಷ್ಟೇ ಪರಿಣಾಮಕಾರಿ" ಎಂಬ ವಾಕ್ಯ ಬಹಳ ಜನರನ್ನು ಮರುಳು ಮಾಡುತ್ತದೆ. ಆ ಮಾತ್ರೆ ಕೆಲಸ ಮಾಡುವುದು ಬೀಟಾ ಕೋಶಗಳಿಂದ ಇನ್ಸುಲಿನ್ ಹೊರಡಿಸಿ. ಕೋಶಗಳು ಬಹುಪಾಲು ಸತ್ತಿರುವ ಇಲಿಯಲ್ಲಿ ಆ ಮಾತ್ರೆಯೇ ಸೋಲುತ್ತದೆ. ಸೋತ ಮಾತ್ರೆಗೆ ಸಮ ಎಂದರೆ ಏನು ಹೇಳಿದಂತಾಯಿತು? ಒಂದು ವೇಳೆ ಮಾತ್ರೆ ಚೆನ್ನಾಗಿ ಕೆಲಸ ಮಾಡಿದ್ದರೆ ಕೋಶಗಳು ಸಾಕಷ್ಟು ಉಳಿದಿದ್ದವು ಎಂದರ್ಥ. ಆಗ ತಾನಾಗಿ ಚೇತರಿಸಿಕೊಳ್ಳುವ ಸಾಧ್ಯತೆಯೂ ಹೆಚ್ಚು, ಔಷಧಿ ಸಿಗದ ಗುಂಪಿನ ಅಂಕಿಗೆ ಮತ್ತೆ ಹಿಂತಿರುಗಬೇಕು. ಕಾಯಿಲೆಯಿಲ್ಲದ ಇಲಿಗಳಿಗೆ ಸಾರ ಮಾತ್ರ ಕೊಟ್ಟ ಗುಂಪು ಇದ್ದರೆ, ಅದರ ಯಕೃತ್ತು ಮತ್ತು ಮೂತ್ರಪಿಂಡದ ಪರೀಕ್ಷೆಗಳನ್ನು ನೋಡಿ.

ಕೊನೆಗೆ ಪ್ರಮಾಣ. ಇಲಿಗೆ ಕೆಜಿಗೆ 400 ಮಿಲಿಗ್ರಾಂ ಸಾರ ಕೊಟ್ಟರೆ, 60 ಕೆಜಿ ಮನುಷ್ಯನಿಗೆ 400 × 60 ಎಂದು 24 ಗ್ರಾಂ ಲೆಕ್ಕ ಹಾಕುವುದು ತಪ್ಪು. ಸಣ್ಣ ಪ್ರಾಣಿಯ ದೇಹ ತನ್ನ ತೂಕಕ್ಕೆ ಹೋಲಿಸಿದರೆ ಹೆಚ್ಚು ವೇಗವಾಗಿ ಔಷಧಿಯನ್ನು ಹೊರಹಾಕುತ್ತದೆ. ಅದಕ್ಕೆ ದೇಹದ ಮೇಲ್ಮೈಯ ಆಧಾರದಲ್ಲಿ ಇಲಿಯ ಪ್ರಮಾಣವನ್ನು 6.2ರಿಂದ ಭಾಗಿಸುತ್ತಾರೆ. ಸುಂಡಿಲಿಯಾದರೆ 12.3ರಿಂದ. 400ನ್ನು 6.2ರಿಂದ ಭಾಗಿಸಿದರೆ ಕೆಜಿಗೆ ಸುಮಾರು 65 ಮಿಲಿಗ್ರಾಂ, 60 ಕೆಜಿಗೆ ಸುಮಾರು 3.9 ಗ್ರಾಂ. ಇದು ಸಾರದ ತೂಕ, ಎಲೆಯದಲ್ಲ. 100 ಗ್ರಾಂ ಒಣ ಎಲೆಯಿಂದ 10 ಗ್ರಾಂ ಸಾರ ಬರುತ್ತದೆ ಎಂದಿಟ್ಟುಕೊಂಡರೆ ದಿನಕ್ಕೆ 39 ಗ್ರಾಂ ಒಣ ಎಲೆ ಬೇಕು. ಹಸಿ ಎಲೆಯಲ್ಲಿ ನೂರಕ್ಕೆ 80 ಭಾಗ ನೀರು ಎಂದರೆ ಸುಮಾರು 200 ಗ್ರಾಂ ಹಸಿ ಎಲೆ. ಬೆಳಿಗ್ಗೆ ಒಂದೆರಡು ಎಲೆ ಅಗಿಯುವವರಿಗೂ ಆ ಇಲಿಗೂ ಹೋಲಿಕೆಯೇ ಇಲ್ಲ. ಸಾರ ತೆಗೆದದ್ದು ಆಲ್ಕೊಹಾಲ್‌ನಲ್ಲಾದರೆ ನೀರಿನಲ್ಲಿ ಕುದಿಸಿದ ಕಷಾಯಕ್ಕೆ ಅವೇ ವಸ್ತುಗಳು ಇಳಿಯುತ್ತವೆ ಎನ್ನಲೂ ಆಗದು. ಇನ್ನೊಂದು ಮಾತು: ಈ ಭಾಗಾಕಾರ ಇರುವುದು ಮನುಷ್ಯರ ಪ್ರಯೋಗವನ್ನು ಎಲ್ಲಿಂದ ಶುರು ಮಾಡಬಹುದು ಎಂದು ಅಂದಾಜಿಸಲು. ಮನೆಯಲ್ಲಿ 200 ಗ್ರಾಂ ಎಲೆ ರುಬ್ಬಿ ಕುಡಿಯಲು ಖಂಡಿತ ಅಲ್ಲ.

ಮುಂದಿನ ಮೆಟ್ಟಿಲಾಗಿ ಮನುಷ್ಯರ ಮೇಲಿನ ಪ್ರಯೋಗ ಇದೆಯೇ ಎಂದು ಹುಡುಕುವಾಗಲೂ ಹೋಲಿಕೆಯ ಗುಂಪನ್ನೇ ಕೇಳಿ: ನೋಡಲು, ರುಚಿಗೆ ಒಂದೇ ತರಹದ ಹುಸಿ ಮದ್ದು ಇನ್ನೊಂದು ಗುಂಪಿಗೆ ಸಿಕ್ಕಿತ್ತೇ, ಅಳೆದದ್ದು ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿಯನ್ನೋ ಒಂದು ಬೆಳಗಿನ ಸಕ್ಕರೆಯನ್ನೋ, ಎರಡೂ ಗುಂಪಿನವರು ಹಳೆಯ ಮಾತ್ರೆಗಳನ್ನು ಮುಂದುವರಿಸಿದ್ದರೇ. ಈಗಾಗಲೇ ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದು ಎಲೆಯನ್ನೂ ತಿನ್ನುತ್ತಿದ್ದರೆ ವೈದ್ಯರಿಗೆ ಹೇಳಿ. ಎಲೆ ನಿಜವಾಗಿಯೂ ಕೆಲಸ ಮಾಡುವುದಾದರೆ ಎರಡೂ ಸೇರಿ ಸಕ್ಕರೆ ತೀರಾ ಕೆಳಗಿಳಿಯಬಹುದು. ಬೆವರು, ಕೈನಡುಕ, ಕಣ್ಣು ಮಂಜಾಗುವುದು ಶುರುವಾದರೆ ತಕ್ಷಣ ಗ್ಲೂಕೋಮೀಟರ್‌ನಲ್ಲಿ ನೋಡಿ, 70ಕ್ಕಿಂತ ಕಡಿಮೆಯಿದ್ದರೆ ಮೂರು ಚಮಚ ಸಕ್ಕರೆಯನ್ನು ನೀರಿಗೆ ಕದಡಿ ಕುಡಿದು 15 ನಿಮಿಷ ಬಿಟ್ಟು ಮತ್ತೆ ಅಳೆಯಿರಿ.